ಸ್ಲೈಡಿನಲ್ಲಿ ಕುಳಿತ ಅಂಕಿಗಳನ್ನು ಎಕ್ಸೆಲ್‌ಗೆ ಇಳಿಸುವುದು

ಸಭೆಯಲ್ಲಿ ತೋರಿಸಿದ ಪವರ್‌ಪಾಯಿಂಟ್ ಕಡತ ಕೈಗೆ ಬಂದಿದೆ, ಅದರಲ್ಲಿರುವ ಅಂಕಿಗಳೆಲ್ಲ ಎಕ್ಸೆಲ್‌ನಲ್ಲಿ ಬೇಕು. ಹೆಚ್ಚಿನವರು ಒಂದೊಂದೇ ಅಂಕಿ ನೋಡಿ ಟೈಪು ಮಾಡಲು ಕೂರುತ್ತಾರೆ. ಅದಕ್ಕೆ ಮೊದಲು ಚಾರ್ಟಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ನೋಡಬೇಕು. ಮೆನುವಿನಲ್ಲಿ `Edit Data` ಕಂಡರೆ ಅದು ಬರೀ ಚಿತ್ರವಲ್ಲ, ನಿಜವಾದ ಚಾರ್ಟು. ಅದನ್ನು ಒತ್ತಿದರೆ ಚಾರ್ಟಿನ ಹಿಂದಿರುವ ಹಾಳೆಯೇ ತೆರೆದುಕೊಳ್ಳುತ್ತದೆ. ಕಂಬದ ಮೇಲೆ 1285 ಎಂದು ಬರೆದಿದ್ದರೂ ಹಾಳೆಯಲ್ಲಿ 1284.6 ಇರಬಹುದು. ಅಂದರೆ ಕಣ್ಣಳತೆಯಲ್ಲಿ ಟೈಪು ಮಾಡಿದ್ದಕ್ಕಿಂತ ನಿಖರವಾದದ್ದೇ ಸಿಗುತ್ತದೆ.

ಕೆಲವೊಮ್ಮೆ ಹಾಳೆ ತೆರೆಯುವುದಿಲ್ಲ, ಜೋಡಿಸಿದ ಕಡತ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಚಾರ್ಟು ಬೇರೆ ಯಾರದೋ ಕಂಪ್ಯೂಟರಿನ ಎಕ್ಸೆಲ್ ಕಡತಕ್ಕೆ ಕೊಂಡಿ ಹಾಕಿಕೊಂಡಿದ್ದರೆ ಹೀಗಾಗುತ್ತದೆ. ಆಗಲೂ ದಾರಿಯಿದೆ. `.pptx` ಎನ್ನುವುದು ಅಸಲಿಗೆ ಒಂದು ಜಿಪ್ ಕಟ್ಟು. ಕಡತದ ನಕಲು ಮಾಡಿ, ಹೆಸರಿನ ಕೊನೆಯನ್ನು `.zip` ಎಂದು ಬದಲಿಸಿ ಬಿಚ್ಚಿದರೆ `ppt/charts` ಎಂಬ ಫೋಲ್ಡರ್ ಸಿಗುತ್ತದೆ. ಅದರೊಳಗಿನ `chart1.xml` ಮುಂತಾದ ಕಡತಗಳಲ್ಲಿ, ಚಾರ್ಟು ಕೊನೆಯ ಸಲ ಬಳಸಿದ ಅಂಕಿಗಳು ಸಾಮಾನ್ಯವಾಗಿ ಹೀಗೆ ಉಳಿದಿರುತ್ತವೆ:

```
<c:pt idx="0"><c:v>1284.6</c:v></c:pt>
```

ಇದೇ ಕಾರಣಕ್ಕೆ ಸ್ಲೈಡು ಕಳಿಸುವವರೂ ಹುಷಾರಾಗಿರಬೇಕು. ಎಕ್ಸೆಲ್‌ನಿಂದ ಚಾರ್ಟನ್ನು ಕಡತಸಮೇತ ಅಂಟಿಸಿದರೆ ಆ ಒಂದು ಹಾಳೆಯಷ್ಟೇ ಅಲ್ಲ, ಪಕ್ಕದ ಸಂಬಳದ ಪಟ್ಟಿಯೂ ಜೊತೆಗೆ ಹೋಗಿಬಿಡುತ್ತದೆ.

ಕೋಷ್ಟಕದ ಕಥೆ ಬೇರೆ. ಅದನ್ನು ನಕಲು ಮಾಡಿ ಅಂಟಿಸುವುದು ಸುಲಭ, ಅಂಟಿಸಿದ ಮೇಲೆ ಹಸನು ಮಾಡುವುದೇ ನಿಜವಾದ ಕೆಲಸ. ಹನ್ನೆರಡು ಹಾಲಿನ ಸಂಘಗಳ ಕೋಷ್ಟಕವೊಂದಿದೆ ಎಂದುಕೊಳ್ಳಿ. ಮೇಲೆ 2022-23, 2023-24 ಎಂಬ ಎರಡು ದೊಡ್ಡ ತಲೆಬರಹ, ಪ್ರತಿಯೊಂದರ ಕೆಳಗೆ ಹಸು, ಎಮ್ಮೆ ಎಂಬ ಎರಡು ಕಾಲಂ, ಕೊನೆಯಲ್ಲಿ ಒಟ್ಟು. ಓದುವ ಕಣ್ಣಿಗೆ ಇದು ಹಿತ. ಆದರೆ ಎಕ್ಸೆಲ್‌ನ ಫಿಲ್ಟರಿಗೂ ಪಿವಟ್‌ಗೂ ಒಂದು ಸಾಲಿನಲ್ಲಿ ಒಂದೇ ಅಳತೆ ಇರಬೇಕು: ಸಂಘ, ವರ್ಷ, ಜಾನುವಾರು, ಲೀಟರ್. ಹಾಗೆ ಬಿಡಿಸಿದರೆ ಹನ್ನೆರಡು ಸಂಘಕ್ಕೆ ನಾಲ್ಕು ಅಳತೆಯಂತೆ 48 ಸಾಲು ಆಗಬೇಕು. ಈ 48 ಅನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಅಂಟಿಸುವಾಗ `Match Destination Formatting` ಆರಿಸಿದರೆ ಸ್ಲೈಡಿನ ಬಣ್ಣಗಳು ಬರುವುದಿಲ್ಲ. ಎರಡು ತಲೆಬರಹಗಳನ್ನು ಸೇರಿಸಿ `2022-23|ಹಸು` ಎಂಬಂತೆ ಒಂದೇ ಸಾಲಿಗೆ ತರಬೇಕು. ಒಟ್ಟು ಸಾಲನ್ನು ಬೇರೆಡೆ ಎತ್ತಿಟ್ಟು ಇಲ್ಲಿಂದ ಅಳಿಸಬೇಕು, ಇಲ್ಲದಿದ್ದರೆ ಮುಂದೆ ಕೂಡಿದಾಗ ಎಲ್ಲವೂ ಇಮ್ಮಡಿಯಾಗುತ್ತದೆ. ನಂತರ `Data` ಪಟ್ಟಿಯ `From Table/Range` ಮೂಲಕ ಪವರ್ ಕ್ವೆರಿ ತೆರೆದು, ನಾಲ್ಕು ಕಾಲಂಗಳನ್ನು ಆಯ್ದು `Unpivot Columns` ಒತ್ತಿದರೆ ಅಡ್ಡಕ್ಕಿದ್ದದ್ದು ಉದ್ದಕ್ಕಾಗುತ್ತದೆ. ಸೇರಿಸಿದ ತಲೆಬರಹವನ್ನು `Split Column` ಮತ್ತೆ ಎರಡು ಮಾಡುತ್ತದೆ.

ಈಗ ಎಣಿಸಿದರೆ 46 ಸಾಲು ಬಂತೆನ್ನಿ. ಎರಡು ಎಲ್ಲಿ ಹೋದವು? `Unpivot` ಖಾಲಿ ಮನೆಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಎರಡು ಸಂಘಗಳ ಎಮ್ಮೆ ಹಾಲಿನ ಮನೆ ಖಾಲಿಯಿತ್ತು. ಅದು ಸೊನ್ನೆಯೋ, ಲೆಕ್ಕವೇ ಬಂದಿಲ್ಲವೋ ಎನ್ನುವುದನ್ನು ಸ್ಲೈಡು ಮಾಡಿದವರನ್ನೇ ಕೇಳಬೇಕು, ನಾವೇ 0 ತುಂಬಿಬಿಟ್ಟರೆ ಸರಾಸರಿ ಕೆಡುತ್ತದೆ. ಸಾಲು ಸರಿಹೋದ ಮೇಲೆ ಲೀಟರ್ ಕಾಲಂ ಕೂಡಿ, ಎತ್ತಿಟ್ಟ ಒಟ್ಟಿನ ಜೊತೆ ತಾಳೆ ನೋಡಬೇಕು. ಮೊತ್ತ ಕಡಿಮೆ ಬಂದರೆ ಮನೆಯ ಎಡಕ್ಕೆ ಅಂಟಿಕೊಂಡ ಅಂಕಿಗಳನ್ನು ಹುಡುಕಿ. ನಕ್ಷತ್ರ ಚಿಹ್ನೆಯೋ ಕಾಣದ ಸ್ಪೇಸೋ ಸೇರಿಕೊಂಡು ಅವು ಅಕ್ಷರಗಳಾಗಿರುತ್ತವೆ, `SUM` ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಸ್ಪೇಸಿಗೆ ಮದ್ದು ಇದು:

```
=VALUE(SUBSTITUTE(A2,CHAR(160),""))
```

ಇನ್ನು ಬಲಗುಂಡಿಗೆ `Edit Data` ಬರಲೇ ಇಲ್ಲವೆಂದರೆ ಅದು ಚಿತ್ರವಾಗಿ ಅಂಟಿಸಿದ ಚಾರ್ಟು. ಅದರ ಮೇಲೆ ಅಂಕಿಯೂ ಬರೆದಿಲ್ಲದಿದ್ದರೆ ಅಳೆಯುವುದೊಂದೇ ಉಪಾಯ. ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಮೌಸು ಇಟ್ಟಲ್ಲೆಲ್ಲ ಪಿಕ್ಸೆಲ್ ಸ್ಥಾನ ಕೆಳಗೆ ಕಾಣುತ್ತದೆ. ಅಕ್ಷದ 0 ಗೆರೆ 420ನೇ ಪಿಕ್ಸೆಲ್‌ನಲ್ಲಿ, 100 ಟನ್ ಗೆರೆ 120ರಲ್ಲಿ ಇದ್ದರೆ ಒಂದು ಟನ್ನಿಗೆ ಮೂರು ಪಿಕ್ಸೆಲ್ ಆಯಿತು. ಕಂಬದ ತುದಿ 213ರಲ್ಲಿದ್ದರೆ 420ರಿಂದ 213 ಕಳೆದು ಮೂರರಿಂದ ಭಾಗಿಸಿ: 69 ಟನ್. ವೆಬ್‌ಪ್ಲಾಟ್‌ಡಿಜಿಟೈಜರ್ ಎಂಬ ತಂತ್ರಾಂಶ ಮಾಡುವುದೂ ಇದೇ ಲೆಕ್ಕ, ಬಿಂದುಗಳು ನೂರಾರಿದ್ದಾಗ ಅದು ಅನುಕೂಲ. ಅಕ್ಷ ಸೊನ್ನೆಯಿಂದ ಶುರುವಾಗಿರದಿದ್ದರೆ ಅದು ಶುರುವಾಗುವ ಅಂಕಿಯನ್ನು ಕೊನೆಗೆ ಕೂಡಿಸಬೇಕು. ಮೂರು ಆಯಾಮದ ಕಂಬಗಳನ್ನಂತೂ ಅಳೆಯಲು ಹೋಗಲೇಬೇಡಿ, ಅಲ್ಲಿ ತುದಿ ಯಾವುದೆಂಬುದೇ ಖಚಿತವಿಲ್ಲ.

ಹೀಗೆ ಅಳೆದ 69ರಲ್ಲಿ ಒಂದು ಪಿಕ್ಸೆಲ್ ಆಚೀಚೆಯಾದರೂ ಟನ್ನಿನ ಮೂರನೇ ಒಂದು ಭಾಗ ವ್ಯತ್ಯಾಸ ಬರುತ್ತದೆ. ಹಾಗಾಗಿ ದಶಮಾಂಶ ಬರೆಯಬಾರದು, ಪಕ್ಕದಲ್ಲಿ ‘ಮೂಲ’ ಎಂಬ ಕಾಲಂ ಮಾಡಿ ‘ಚಿತ್ರದಿಂದ ಅಳೆದದ್ದು’ ಎಂದು ನಮೂದಿಸಬೇಕು.