ಪತ್ರೋತ್ತರಕ್ಕೆ ನಿಗದಿತ ವೇಳೆ: ಲೆಕ್ಕದ ಕೆಲಸ ಕೆಡದಿರಲು ಒಂದು ಕ್ರಮ

ಸಣ್ಣ ಘಟಕಗಳ ಕಚೇರಿಗಳಲ್ಲಿ ಸಾಮಾನ್ಯವಾಗಿ ಲೆಕ್ಕ ಬರೆಯುವವರೂ ಇ-ಮೇಲ್ ಹಾಗೂ ವಾಟ್ಸಾಪ್ ಸಂದೇಶಗಳಿಗೆ ಉತ್ತರಿಸುವವರೂ ಒಬ್ಬರೇ ಆಗಿರುತ್ತಾರೆ. ಇದರ ಪರಿಣಾಮವು ಹೆಚ್ಚಾಗಿ ಕಂಡುಬರುವುದು ಪ್ರತಿ ತಿಂಗಳ 14ರಿಂದ 20ನೇ ತಾರೀಖಿನ ನಡುವೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-2ಬಿ ಪಟ್ಟಿ 14ರಂದು ದೊರೆಯುತ್ತದೆ; ಜಿಎಸ್‌ಟಿಆರ್-3ಬಿ ಸಲ್ಲಿಕೆಗೆ 20 ಕೊನೆಯ ದಿನ. ಈ ಅವಧಿಯಲ್ಲಿ ಖರೀದಿ ಪುಸ್ತಕವನ್ನು ಸದರಿ ಪಟ್ಟಿಯೊಡನೆ ಬಿಲ್ಲುವಾರು ತಾಳೆ ನೋಡಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಯಂತ್ರದ ಬಿಡಿಭಾಗ ತಯಾರಿಸುವ ಘಟಕವೊಂದಕ್ಕೆ ಒಬ್ಬನೇ ಸರಬರಾಜುದಾರನಿಂದ 145 ಮತ್ತು 154 ಸಂಖ್ಯೆಯ ಎರಡು ಬಿಲ್ಲುಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಪ್ರತಿಯೊಂದರ ಮೌಲ್ಯ ರೂ. 1,00,000, ತೆರಿಗೆ ರೂ. 18,000. ಪಟ್ಟಿಯಲ್ಲಿರುವುದು 145 ಮಾತ್ರ. ಲೆಕ್ಕಿಗನು ಅದನ್ನು ಹುಡುಕುತ್ತಿರುವಾಗಲೇ ಗ್ರಾಹಕರೊಬ್ಬರು ದರ ಕೇಳಿ ಸಂದೇಶ ಕಳುಹಿಸುತ್ತಾರೆ. ಉತ್ತರಿಸಿ ಮರಳಿದ ಆತನು ಎರಡೂ ಬಿಲ್ಲುಗಳಿಗೆ ಸರಿ ಎಂಬ ಗುರುತು ಹಾಕುತ್ತಾನೆ. ಆ ಗುರುತಿನ ಆಧಾರದ ಮೇಲೆ ಎರಡಕ್ಕೂ ಪೂರ್ಣ ಹಣ ಪಾವತಿಯಾಗುತ್ತದೆ. ಪಟ್ಟಿಯಲ್ಲಿಲ್ಲದ ಬಿಲ್ಲಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ತಪ್ಪು ವರ್ಷಾಂತ್ಯದಲ್ಲಿ ಬೆಳಕಿಗೆ ಬರುವ ವೇಳೆಗೆ ಸರಬರಾಜುದಾರನ ಕೈಗೆ ಹಣ ಸೇರಿರುತ್ತದೆ, ರೂ. 18,000 ಸಿಕ್ಕಿಕೊಂಡಿರುತ್ತದೆ. ಸಂದೇಶಕ್ಕೆ ವ್ಯಯವಾದದ್ದು ಎರಡೇ ನಿಮಿಷ.

ಇದಕ್ಕೆ ಕಾರಣ ಕೇವಲ ಅಜಾಗರೂಕತೆಯಲ್ಲ. ಅಪೂರ್ಣ ಕೆಲಸವನ್ನು ಬಿಟ್ಟು ಬೇರೊಂದಕ್ಕೆ ತೊಡಗಿದಾಗ ಗಮನದ ಒಂದು ಭಾಗ ಹಿಂದಿನದರಲ್ಲಿಯೇ ಉಳಿಯುತ್ತದೆಂಬುದನ್ನು ಸೋಫಿ ಲೆರಾಯ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ದಿನಕ್ಕೆ ಮೂರು ಬಾರಿ ಮಾತ್ರ ಇ-ಮೇಲ್ ನೋಡಿದ ವಾರದಲ್ಲಿ ಜನರ ಒತ್ತಡ ಕಡಿಮೆಯಾಗಿತ್ತೆಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ವರದಿ ಮಾಡಿದ್ದಾರೆ.

ವೇಳೆ ಗೊತ್ತುಪಡಿಸುವ ಮುನ್ನ ಒಂದು ವಾರ ಪ್ರತಿಯೊಂದು ಸಂದೇಶದ ಎದುರಿಗೆ, ಅದು ಎಷ್ಟು ಹೊತ್ತು ಕಾಯಬಹುದಾಗಿತ್ತು ಎಂಬುದನ್ನು ಬರೆದಿಡುವುದು ಒಳಿತು. ದರಪಟ್ಟಿ, ಖಾತೆಯ ವಿವರ, ಬಿಲ್ಲಿನ ಪ್ರತಿ ಮುಂತಾದ ಕೋರಿಕೆಗಳು ಸಾಮಾನ್ಯವಾಗಿ ಎರಡು ಮೂರು ಗಂಟೆ ಕಾಯಬಲ್ಲವು. ದಾರಿಯಲ್ಲಿ ತಡೆದು ನಿಲ್ಲಿಸಲಾದ ಲಾರಿಯ ಇ-ವೇ ಬಿಲ್ಲಿನ ತೊಡಕು ಕಾಯಲಾರದು. ಇಂತಹವುಗಳಿಗೆ ದೂರವಾಣಿ ಕರೆಯನ್ನೇ ಮಾರ್ಗವನ್ನಾಗಿ ಮಾಡಿ, ಆ ಸಂಖ್ಯೆಯನ್ನು ಸಾಗಣೆದಾರರಿಗೂ ಮುಖ್ಯ ಗ್ರಾಹಕರಿಗೂ ಮುಂಚಿತವಾಗಿ ತಿಳಿಸಬೇಕು.

ಬಳಿಕ ವ್ಯವಹಾರದ ಓಟಕ್ಕೆ ಹೊಂದುವ ಮೂರು ವೇಳೆಗಳನ್ನು ಆರಿಸಬಹುದು: ಬೆಳಿಗ್ಗೆ 10ಕ್ಕೆ, ಊಟಕ್ಕೆ ಮೊದಲು 1ಕ್ಕೆ, ಸರಕು ಹೊರಡುವ ಮುನ್ನ 4ಕ್ಕೆ, ತಲಾ ಅರ್ಧ ಗಂಟೆ. ಮಧ್ಯದ ಹೊತ್ತಿನಲ್ಲಿ ಗಣಕಯಂತ್ರದ ವಾಟ್ಸಾಪ್ ಪುಟವನ್ನು ಮುಚ್ಚಿ, ಮೊಬೈಲಿನ ಸೂಚನಾ ಸದ್ದನ್ನು ನಿಲ್ಲಿಸಬೇಕು. ವಾಟ್ಸಾಪ್ ಬಿಸಿನೆಸ್‌ನಲ್ಲಿರುವ Away message ಸೌಲಭ್ಯದಿಂದ, ಉತ್ತರ ಯಾವಾಗ ದೊರೆಯುವುದೆಂಬುದನ್ನೂ ತುರ್ತು ಕರೆಯ ಸಂಖ್ಯೆಯನ್ನೂ ತಾನಾಗಿ ತಿಳಿಸಬಹುದು.

ನಿಗದಿತ ವೇಳೆಯಲ್ಲಿ ಎರಡು ನಿಮಿಷದಲ್ಲಿ ಮುಗಿಯುವವುಗಳಿಗೆ ಅಲ್ಲಿಯೇ ಉತ್ತರಿಸತಕ್ಕದ್ದು. ಲೆಕ್ಕ ತೆಗೆದು ನೋಡಬೇಕಾದವುಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ಉತ್ತರಿಸುವ ದಿನವನ್ನು ಕಳುಹಿಸಿದವರಿಗೆ ತಿಳಿಸಬೇಕು. ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಪತ್ರ ಬಂದರೆ, ಪತ್ರದಲ್ಲಿರುವ ಸಂಖ್ಯೆಗಲ್ಲದೆ ಹಳೆಯ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಕೂಡದು. ಇಂತಹ ವಂಚನೆ ಫಲಿಸುವುದು ಅವಸರದ ಉತ್ತರದಿಂದಲೇ. ತಾಳೆಯ ನಡುವೆ ಅನಿವಾರ್ಯವಾಗಿ ಏಳಬೇಕಾದಾಗ, ಕೊನೆಯದಾಗಿ ನೋಡಿದ ಬಿಲ್ಲಿನ ಸಂಖ್ಯೆಯನ್ನು ಬರೆದಿಟ್ಟು ಏಳುವುದು ಕ್ಷೇಮ.

ಈ ಕ್ರಮವು ಮುರಿದುಬೀಳುವುದು ಹೆಚ್ಚಾಗಿ ಮಾಲೀಕರಿಂದಲೇ. "ಸಂದೇಶ ನೋಡಿದಿರಾ?" ಎಂದು ಒಳಗಿನಿಂದ ಕೇಳುವ ಮಾಲೀಕರಿದ್ದಲ್ಲಿ ಯಾವ ವೇಳಾಪಟ್ಟಿಯೂ ನಿಲ್ಲದು. ಅದೇ ಪ್ರಶ್ನೆಯನ್ನು ಗ್ರಾಹಕರು ಪದೇ ಪದೇ ಕರೆ ಮಾಡಿ ಕೇಳುತ್ತಿದ್ದರೆ ವೇಳೆಗಳ ನಡುವಿನ ಅಂತರ ಹೆಚ್ಚಾಯಿತೆಂದು ತಿಳಿಯಬೇಕು. ಅರ್ಧ ಗಂಟೆಯ ಬಳಿಕವೂ ತೆರೆಯದ ಪತ್ರಗಳು ಉಳಿಯುತ್ತಿದ್ದರೆ ವೇಳೆ ಸಾಲದೆಂದು ಅರ್ಥ. ಗಂಟೆಗೊಮ್ಮೆ ದರ ಬದಲಾಗುವ ಮಂಡಿ ವ್ಯಾಪಾರಕ್ಕೆ ಈ ಕ್ರಮ ಹೊಂದದು. ಅಲ್ಲಿ ವೇಳೆಯ ಬದಲು ವ್ಯಕ್ತಿಯನ್ನು ವಿಂಗಡಿಸಿ, ಸಂದೇಶದ ಹೊಣೆಯನ್ನು ಲೆಕ್ಕಿಗನಲ್ಲದ ಇನ್ನೊಬ್ಬರಿಗೆ ವಹಿಸಬೇಕಾಗುತ್ತದೆ. ಉಳಿದ ಘಟಕಗಳು ಮುಂದಿನ ತಿಂಗಳ 14ರಿಂದ 20ರವರೆಗೆ ಮಾತ್ರ ಇದನ್ನು ಪ್ರಾಯೋಗಿಕವಾಗಿ ಅನುಸರಿಸಿ, ತಾಳೆಗೆ ಹಿಡಿದ ದಿನಗಳನ್ನು ಹಿಂದಿನ ತಿಂಗಳಿನೊಡನೆ ಹೋಲಿಸಿ ನೋಡಬಹುದು.