ಮಳೆಗಾಲದಲ್ಲಿ ಶುಗರ್ ಸ್ಟ್ರಿಪ್ ಸುಳ್ಳು ಹೇಳದಿರಲಿ

ಜೋಯಿಡಾ, ದಾಂಡೇಲಿ ಕಡೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಅದೇ ತೇವದ ಗಾಳಿ ಶುಗರ್ ನೋಡುವ ಸ್ಟ್ರಿಪ್‌ಗಳನ್ನೂ ಕೆಡಿಸುತ್ತದೆ. ಆದರೆ ಕೆಟ್ಟ ಸ್ಟ್ರಿಪ್ ನೋಡಲು ಹೊಸದರಂತೆಯೇ ಇರುತ್ತದೆ. ಮೀಟರ್ ಎಂದಿನಂತೆ ಒಂದು ಅಂಕಿ ತೋರಿಸುತ್ತದೆ, ಆ ಅಂಕಿ ಮಾತ್ರ ತಪ್ಪಾಗಿರುತ್ತದೆ.

ಸ್ಟ್ರಿಪ್‌ನ ತುದಿಯಲ್ಲಿ ಒಂದು ಕಿಣ್ವವನ್ನೂ ರಾಸಾಯನಿಕವನ್ನೂ ಒಣಗಿಸಿ ಲೇಪಿಸಿರುತ್ತಾರೆ. ರಕ್ತದ ಸಕ್ಕರೆ ಇವುಗಳೊಡನೆ ಬೆರೆತಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ. ತೇವ ತಗುಲಿದರೆ ರಾಸಾಯನಿಕವು ರಕ್ತ ಬೀಳುವ ಮೊದಲೇ ಬದಲಾಗಿ, ಅಂಕಿ ಹೆಚ್ಚಾಗಿ ಬರಬಹುದು. ಬಿಸಿಗೋ ತೇವಕ್ಕೋ ಕಿಣ್ವ ದುರ್ಬಲವಾದರೆ ಅಂಕಿ ಕಡಿಮೆಯಾಗಿ ಬರಬಹುದು. ರೋಜಾದಲ್ಲಿ ಶುಗರ್ 70ಕ್ಕಿಂತ ಇಳಿದರೆ ಉಪವಾಸ ಬಿಡಬೇಕೆಂದು ವೈದ್ಯರು ಹೇಳುತ್ತಾರೆ. ನಿಜವಾಗಿ 65 ಇದ್ದು ಮೀಟರ್ 90 ತೋರಿಸಿದರೆ ಏನಾದೀತು, ನೀವೇ ಯೋಚಿಸಿ.

ಸ್ಟ್ರಿಪ್ ಬರುವ ಡಬ್ಬಿ ಬರೀ ಡಬ್ಬಿಯಲ್ಲ. ಅದರ ಒಳಗೋಡೆಯಲ್ಲೋ ಮುಚ್ಚಳದಲ್ಲೋ ತೇವ ಹೀರುವ ವಸ್ತು ಇರುತ್ತದೆ. ಆದ್ದರಿಂದ ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ, ಕವರಿಗೆ ಹಾಕಬೇಡಿ. ಒಣ ಕೈಯಿಂದ ಒಂದನ್ನು ತೆಗೆದು, ಬೆರಳಿಗೆ ಚುಚ್ಚುವ ಮೊದಲೇ ಮುಚ್ಚಳವನ್ನು ಟಕ್ಕೆಂದು ಒತ್ತಿ. ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆಯಿರಿ. ಕೆಲವು ಕಂಪನಿಯ ಸ್ಟ್ರಿಪ್‌ಗಳು ತೆರೆದ ಮೇಲೆ 3 ತಿಂಗಳು, ಕೆಲವು 6 ತಿಂಗಳು ಬಾಳುತ್ತವೆ. ನಿಮ್ಮದು ಎಷ್ಟೆಂದು ಜೊತೆಗಿನ ಚೀಟಿಯಲ್ಲಿ ಇರುತ್ತದೆ.

ಹೆಚ್ಚಿನ ಸ್ಟ್ರಿಪ್‌ಗಳಿಗೆ 30 ಡಿಗ್ರಿ ಮೀರಬಾರದು. ಏಪ್ರಿಲ್-ಮೇ ತಿಂಗಳಲ್ಲಿ ಹಳಿಯಾಳ, ಮುಂಡಗೋಡದ ಪೇಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿ ಅದಕ್ಕಿಂತ ಎಷ್ಟೋ ಬಿಸಿಯಾಗುತ್ತದೆ. ಅಡುಗೆಮನೆ, ಬಚ್ಚಲುಮನೆಗಳಲ್ಲಿ ಹಬೆ ಇರುತ್ತದೆ. ಹಾಗೆಂದು ಫ್ರಿಜ್‌ನಲ್ಲೂ ಇಡಬೇಡಿ. ತಣ್ಣಗಿನ ಡಬ್ಬಿಯನ್ನು ಹೊರತೆಗೆದು ತೆರೆದ ಕೂಡಲೇ ಗಾಳಿಯ ತೇವ ಸ್ಟ್ರಿಪ್‌ಗಳ ಮೇಲೆ ನೀರಾಗಿ ಕೂರುತ್ತದೆ. ಮಲಗುವ ಕೋಣೆಯ ಕಪಾಟಿನ ಒಳಭಾಗವೇ ಒಳ್ಳೆಯದು.

ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ? ನಿಮ್ಮ ಮೀಟರ್ ಕಂಪನಿಯದೇ ಕಂಟ್ರೋಲ್ ಸೊಲ್ಯೂಷನ್ ತರಿಸಿ. ಸಕ್ಕರೆಯ ಪ್ರಮಾಣ ಗೊತ್ತಿರುವ ದ್ರಾವಣ ಅದು. ರಕ್ತದ ಬದಲು ಅದರ ಒಂದು ಹನಿಯನ್ನು ಸ್ಟ್ರಿಪ್‌ಗೆ ತಾಗಿಸಿ. ಸ್ಟ್ರಿಪ್ ಡಬ್ಬಿಯ ಮೇಲೆ 102–138 ಎಂದು ಬರೆದಿದೆ ಎಂದುಕೊಳ್ಳಿ. ಜುಲೈಯಲ್ಲಿ ಹಳೆಯ ಡಬ್ಬಿಯ ಸ್ಟ್ರಿಪ್ 153 ತೋರಿಸಿತು, ಇನ್ನೊಂದು 157 ತೋರಿಸಿತು. ಹೊಸ ಡಬ್ಬಿಯದು ತನ್ನ ಮಿತಿಯೊಳಗೆ 119 ಕೊಟ್ಟಿತು. ಅಂದರೆ ಮೀಟರ್ ಸರಿಯಿದೆ, ಹಳೆಯ ಸ್ಟ್ರಿಪ್‌ಗಳು ಕೆಟ್ಟಿವೆ. ಎಷ್ಟೇ ಉಳಿದಿರಲಿ, ಬಿಸಾಡಿ.

ದ್ರಾವಣ ಸಿಗದಿದ್ದರೆ, ಲ್ಯಾಬಿನಲ್ಲಿ ರಕ್ತ ಕೊಡುವಾಗಲೇ ನಿಮ್ಮ ಮೀಟರಿನಲ್ಲೂ ನೋಡಿ. ಖಾಲಿ ಹೊಟ್ಟೆಯಲ್ಲಿ 100ರ ಮೇಲಿನ ಅಂಕಿಗೆ ಶೇಕಡಾ 15ರವರೆಗಿನ ವ್ಯತ್ಯಾಸ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಆ ಡಬ್ಬಿಯನ್ನು ನಂಬಿ ಇನ್ಸುಲಿನ್ ಪ್ರಮಾಣ ಬದಲಿಸಬೇಡಿ.