ತಾಳ ತಪ್ಪಿದ್ದು ಹಾಡುಗಾರ್ತಿಯಲ್ಲ

ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾವಗೀತೆ ರೆಕಾರ್ಡ್ ಮಾಡುವ ಪರಿಚಯದ ಹುಡುಗಿಯೊಬ್ಬಳು ತನ್ನ ಟ್ರ್ಯಾಕ್ ಕೇಳಿಸಿದಳು. ಶ್ರುತಿ ಚೊಕ್ಕವಾಗಿತ್ತು, ಆದರೆ ಪ್ರತಿ ಸಾಲೂ ತಬಲಾಕ್ಕಿಂತ ಹಿಂದೆ. ಹತ್ತು ಸಲ ಹಾಡಿದರೂ ಹಾಗೇ ಆಯಿತಂತೆ. ತನಗೆ ಲಯವೇ ಇಲ್ಲವೆಂದು ಕುಗ್ಗಿಹೋಗಿದ್ದಳು. ಅವಳ ಕೊರಳಲ್ಲಿದ್ದ ಬ್ಲೂಟೂತ್ ಹೆಡ್‌ಫೋನ್ ಕಂಡಾಗ ನನಗೆ ಕಾರಣ ಹೊಳೆಯಿತು.

ತಂತಿಯಲ್ಲಿ ಸದ್ದು ಆ ಕ್ಷಣವೇ ಕಿವಿ ಮುಟ್ಟುತ್ತದೆ. ಬ್ಲೂಟೂತ್‌ನಲ್ಲಿ ಲ್ಯಾಪ್‌ಟಾಪ್ ಮೊದಲು ಸದ್ದನ್ನು ತುಂಡು ಮಾಡಿ, ಒತ್ತಿ ಚಿಕ್ಕದಾಗಿಸಿ, ರೇಡಿಯೋ ಅಲೆಯಲ್ಲಿ ಕಳಿಸಬೇಕು. ದಾರಿಯಲ್ಲಿ ಕಳೆದುಹೋದ ತುಂಡನ್ನು ಮತ್ತೆ ಕಳಿಸಲು ಸಮಯ ಬೇಕಲ್ಲ, ಅದಕ್ಕೆ ಹೆಡ್‌ಫೋನ್ ಒಂದಿಷ್ಟು ಸದ್ದನ್ನು ದಾಸ್ತಾನು ಇಟ್ಟುಕೊಂಡೇ ನುಡಿಸುತ್ತದೆ. ತಡದ ದೊಡ್ಡ ಪಾಲು ಈ ದಾಸ್ತಾನಿನದು. ಎಲ್ಲ ಸೇರಿ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ಸಿನಿಮಾ ನೋಡುವಾಗ ಇದು ತಿಳಿಯದು, ಏಕೆಂದರೆ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುತ್ತವೆ. ಬಾಯಿಂದ ಆಗಲೇ ಹೊರಟ ಹಾಡನ್ನು ಯಾವ ಆ್ಯಪ್ ತಡೆದು ನಿಲ್ಲಿಸೀತು?

ಅವಳ ಹಾಡಿನ ವೇಗ ನಿಮಿಷಕ್ಕೆ 75 ಪೆಟ್ಟು, ಅಂದರೆ ಒಂದು ಪೆಟ್ಟಿಗೆ 800 ಮಿಲಿಸೆಕೆಂಡ್. ಅದರಲ್ಲಿ ತ-ಕ-ಧಿ-ಮಿ ಎಂದು ನಾಲ್ಕು ಅಕ್ಷರ ಹೇಳಿದರೆ ಒಂದೊಂದಕ್ಕೆ 200. ತಡವೂ 200 ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ‘ಕ’ಕ್ಕೆ ಬಂದಾಗ ಅವಳ ಕಿವಿಗೆ ಇನ್ನೂ ‘ತ’. ಕೇಳಿದ್ದಕ್ಕೆ ಸರಿಯಾಗಿಯೇ ಹಾಡಿದಳು, ರೆಕಾರ್ಡಿಂಗ್‌ನಲ್ಲಿ ಒಂದಕ್ಷರ ಹಿಂದೆ ಬಿತ್ತು. ಅವಳದೇ ದನಿ ಹೆಡ್‌ಫೋನ್‌ನಲ್ಲಿ ಅಷ್ಟೇ ತಡವಾಗಿ ಮರಳಿ ಕೇಳಿಸಿದರಂತೂ ನಾಲಿಗೆಯೇ ತಡವರಿಸುತ್ತದೆ.

ರೆಕಾರ್ಡಿಂಗ್ ತಂತ್ರಾಂಶದಲ್ಲಿ ಬಫರ್ ಇಳಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. 128 ಸ್ಯಾಂಪಲ್‌ಗಳ ಬಫರ್ ಎಂದರೆ, ಸೆಕೆಂಡಿಗೆ 48,000ದ ಲೆಕ್ಕದಲ್ಲಿ, ಮೂರು ಮಿಲಿಸೆಕೆಂಡ್‌ಗೂ ಕಡಿಮೆ. ಅಲ್ಲಿ ಎಷ್ಟು ಉಳಿಸಿದರೂ ಬ್ಲೂಟೂತ್‌ನ ತಡ ಹಾಗೇ ಇರುತ್ತದೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ತಡವನ್ನು 40ರ ಆಸುಪಾಸಿಗೆ ತರುತ್ತದೆ ನಿಜ, ಆದರೆ ಕಳಿಸುವ ಸಾಧನಕ್ಕೂ ಕೇಳುವ ಸಾಧನಕ್ಕೂ ಅದು ಗೊತ್ತಿರಬೇಕು. ಹಾಡುವವರಿಗೆ ಅದೂ ಹೆಚ್ಚೇ.

ಅನುಮಾನವಿದ್ದರೆ ಅಳೆದು ನೋಡಿ. ಮೆಟ್ರೊನೋಮ್ ಹಾಕಿ, ಹೆಡ್‌ಫೋನ್‌ನ ಕಿವಿಬಟ್ಟಲನ್ನು ಮೈಕ್‌ಗೆ ಒತ್ತಿ ಹಿಡಿದು ರೆಕಾರ್ಡ್ ಮಾಡಿ. ಮೊದಲು ತಂತಿಯ ಹೆಡ್‌ಫೋನ್, ಆಮೇಲೆ ಬ್ಲೂಟೂತ್. ಪರದೆಯ ಮೇಲೆ ಎರಡು ಟಿಕ್‌ಗಳ ನಡುವೆ ಕಾಣುವ ಅಂತರವೇ ಬ್ಲೂಟೂತ್ ಸೇರಿಸಿದ ತಡ. ಮೈಕ್ ಮಾತ್ರ ಬೇರೆಯದಾಗಿರಲಿ. ಹೆಡ್‌ಫೋನಿನದೇ ಮೈಕ್ ಆನ್ ಆದರೆ ಅದು ಸಾಮಾನ್ಯವಾಗಿ ಫೋನ್ ಕರೆಯ ಗುಣಮಟ್ಟಕ್ಕೆ ಇಳಿದುಬಿಡುತ್ತದೆ.

ಮಿಕ್ಸಿಂಗ್‌ನಲ್ಲಿ ತಡದ ಕಾಟ ಕಡಿಮೆ, ಆದರೂ ಇದೆ: ಫೇಡರ್ ಸರಿಸಿದ ಮೇಲೆ ಫಲ ಕೇಳಲು ಕಾಯಬೇಕು. ಅದಕ್ಕಿಂತ ನನ್ನನ್ನು ಕಾಡುವುದು ಒತ್ತಿ ಕಳಿಸಿದ ಸದ್ದು. ಕಿವಿ ಗಮನಿಸಲಾರದೆಂದು ಕೋಡೆಕ್ ಬಿಟ್ಟುಬಿಡುವ ಸೂಕ್ಷ್ಮಗಳಲ್ಲಿ ರಿವರ್ಬ್‌ನ ಕೊನೆಯೆಳೆಯೂ ಇರಬಹುದು, ತಾಳದ ಕಿಣಿಯೂ ಇರಬಹುದು. ಮಿಕ್ಸ್ ಮಾಡುವವರು ಗಮನಿಸಬೇಕಾದದ್ದೇ ಅವನ್ನು.

ಆ ಹುಡುಗಿ ತಂತಿಯ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಮತ್ತೆ ಹಾಡಿದಳು. ಎರಡನೇ ಟೇಕ್‌ಗೇ ತಬಲಾ, ದನಿ ಒಂದಾದವು.